ಉಸುಕಿನ ರಾಶಿಗೆ ಟೇಪು ಸುತ್ತಿದವನ ಪಾಠಗಳು

ಸಾವನೇರ್ ಇರುವುದು ನಾಗಪುರದಿಂದ ಬೇತೂಲ್ ಕಡೆಗೆ ಹೋಗುವ ಹೆದ್ದಾರಿಯ ಮೇಲೆ. ಸುತ್ತ ಕಲ್ಲಿದ್ದಲ ಗಣಿಗಳು, ಕಿತ್ತಳೆ ತೋಟಗಳು, ಹತ್ತಿ ಮತ್ತು ಗೋಧಿಯ ಹೊಲಗಳು. ಇದೇ ತಾಲೂಕಿನ ಖಾಪಾ ಊರಿನ ಪಕ್ಕ ಕನ್ಹಾನ್ ನದಿ ಹರಿಯುತ್ತದೆ, ಈ ಭಾಗದ ಕಟ್ಟಡಗಳಿಗೆ ಉಸುಕು ಬರುವುದು ಬಹುಮಟ್ಟಿಗೆ ಅದರ ಪಾತ್ರದಿಂದ. ಕಲಬುರಗಿ ಕಡೆಯ ಗೌಂಡಿಗಳ ಗುಂಪೊಂದರ ಜೊತೆ ನಾನು ಇಲ್ಲಿಗೆ ಬಂದದ್ದು ಸೈಟಿನ ಲೆಕ್ಕ ಬರೆಯಲು. ಸಿಮೆಂಟ್ ಚೀಲ ಎಣಿಸುವುದು, ಕಬ್ಬಿಣ ತೂಗಿಸುವುದು, ಬಂದ ಉಸುಕು ಎಷ್ಟು ಬ್ರಾಸ್ ಎಂದು ವಹಿಯಲ್ಲಿ ಬರೆಯುವುದು ನನ್ನ ಕೆಲಸ. ಚೀಲ ಎಣಿಸಲು ಬರುತ್ತಿತ್ತು, ಕಬ್ಬಿಣ ತೂಗಲು ಕಾಟಾ ಇತ್ತು. ಉಸುಕು ಮಾತ್ರ ನೆಲದ ಮೇಲೆ ಗೋಪುರದ ಹಾಗೆ ಬಿದ್ದಿರುತ್ತಿತ್ತು, ಅದನ್ನು ಅಳೆಯುವುದು ನನ್ನ ತಲೆಗೆ ಬಂತು.

ಒಂದು ಬ್ರಾಸ್ ಎಂದರೆ 100 ಘನ ಅಡಿ. ಮಹಾರಾಷ್ಟ್ರದಲ್ಲೂ ನಮ್ಮ ಉತ್ತರ ಕರ್ನಾಟಕದಲ್ಲೂ ಉಸುಕು, ಕಡಿ ಮಾರುವುದು ಇದೇ ಲೆಕ್ಕದಲ್ಲಿ. ಮಳೆಗಾಲದಲ್ಲಿ ಹೊಳೆಯಿಂದ ಉಸುಕು ತೆಗೆಯುವ ಹಾಗಿಲ್ಲ, ಹಾಗಾಗಿ ಮೃಗಶಿರೆಗೆ ಮುಂಚೆ ಎಲ್ಲರೂ ರಾಶಿ ಹಾಕಿಸಿಕೊಳ್ಳುತ್ತಾರೆ. ಆಗ ಗಲಾಟೆ, ಅವಸರ, ಜಗಳ ಎಲ್ಲ ಒಟ್ಟಿಗೆ. ಕೆಳಗಿನ ಪಾಠಗಳೆಲ್ಲ ಅಂಥ ದಿನಗಳಲ್ಲಿ ಕಲಿತವು. ಸಂಬಳದ ದುಡ್ಡಿನಿಂದ ಕಲಿತವೂ ಕೆಲವಿವೆ.

1. ಸೂತ್ರ ಸಣ್ಣದು, ಅದನ್ನು ಮೊದಲು ಬಾಯಿಪಾಠ ಮಾಡಿ

ಶಂಕುವಿನ ಘನಫಲ ಎಂದರೆ ಪಾದದ ವಿಸ್ತೀರ್ಣವನ್ನು ಎತ್ತರದಿಂದ ಗುಣಿಸಿ ಮೂರರಿಂದ ಭಾಗಿಸಿದ್ದು. ಇದನ್ನು ಹೈಸ್ಕೂಲಿನಲ್ಲೇ ಕಲಿತಿದ್ದೆ. ಆದರೆ ಪುಸ್ತಕದ ಶಂಕುವಿಗೆ ತ್ರಿಜ್ಯ ಕೊಟ್ಟಿರುತ್ತಾರೆ. ಉಸುಕಿನ ರಾಶಿಯ ಹೊಟ್ಟೆಯೊಳಗೆ ಹೊಕ್ಕು ತ್ರಿಜ್ಯ ಅಳೆಯುವುದು ಹೇಗೆ? ಮೊದಲ ರಾಶಿಯ ಮುಂದೆ ನಾನು ಟೇಪು ಹಿಡಿದು ನಿಂತೇ ಬಿಟ್ಟೆ. ಕೊನೆಗೆ ಈ ಬದಿ ಒಂದು ಸಲಿಕೆ, ಆ ಬದಿ ಒಂದು ಸಲಿಕೆ ನೆಟ್ಟು, ರಾಶಿಯ ಪಕ್ಕದಲ್ಲಿ ಅಡ್ಡಡ್ಡ ಟೇಪು ಎಳೆದು ವ್ಯಾಸ ಅಂದಾಜು ಮಾಡಿದೆ. ಎರಡು ಕಡೆಯಿಂದ ಅಳೆದರೆ ಎರಡು ಉತ್ತರ ಬಂತು.

ಹೊರಗಿನಿಂದ ನಿಶ್ಚಿಂತೆಯಾಗಿ ಸಿಗುವುದು ಸುತ್ತಳತೆ. ಅದನ್ನು ನೇರವಾಗಿ ಬಳಸಿದರೆ ಸೂತ್ರ ಹೀಗಾಗುತ್ತದೆ: ಸುತ್ತಳತೆಯ ವರ್ಗವನ್ನು ಎತ್ತರದಿಂದ ಗುಣಿಸಿ 37.7ರಿಂದ ಭಾಗಿಸಿ. ಆ 37.7 ಎಂದರೆ ಪೈಯ ಹನ್ನೆರಡು ಪಟ್ಟು, ಬೇರೇನಲ್ಲ. ಒಂದು ರಾಶಿಯ ಸುತ್ತಳತೆ 44 ಅಡಿ, ಎತ್ತರ ನಾಲ್ಕೂವರೆ ಅಡಿ ಎನ್ನಿ. 44ರ ವರ್ಗ 1936. ಅದನ್ನು 4.5ರಿಂದ ಗುಣಿಸಿದರೆ 8712, ಅದನ್ನು 37.7ರಿಂದ ಭಾಗಿಸಿದರೆ 231 ಘನ ಅಡಿ, ಅಂದರೆ 2.31 ಬ್ರಾಸ್. ಈ ಬರಹದಲ್ಲಿ ಇದೇ ರಾಶಿಯನ್ನು ಮತ್ತೆ ಮತ್ತೆ ಕರೆಯುತ್ತೇನೆ, 44 ಮತ್ತು ನಾಲ್ಕೂವರೆ ನೆನಪಿರಲಿ.

2. ಟೇಪು ಎಲ್ಲಿ ಮಲಗಿದೆ ಎಂಬುದರಲ್ಲೇ ಅರ್ಧ ಉತ್ತರವಿದೆ

ಸೂತ್ರ ಗೊತ್ತಾದ ಮೇಲೆ ನನಗೆ ಧೈರ್ಯ ಬಂತು. ಧೈರ್ಯ ಬಂದ ಮೇಲೆ ನಷ್ಟ ಶುರುವಾಯಿತು.

ಉಸುಕಿನ ರಾಶಿಯ ಅಂಚು ಗೆರೆ ಎಳೆದ ಹಾಗೆ ಇರುವುದಿಲ್ಲ. ಬಗ್ಗಿ ನೋಡಿ: ಇಳಿಜಾರು ನೆಲ ಮುಟ್ಟುವ ಜಾಗದಲ್ಲಿ ಮೊದಲು ಒಂದು ಸ್ಪಷ್ಟ ಮಡಿಕೆ ಕಾಣುತ್ತದೆ. ಅದರಾಚೆ ಉರುಳಿ ಬಂದ ದಪ್ಪ ಹರಳುಗಳು, ಶಂಖದ ಚೂರುಗಳು, ಕಾಲಿನಿಂದ ಚೆದುರಿದ ಉಸುಕು ಒಂದು ಗೇಣಿನಷ್ಟು ಅಗಲಕ್ಕೆ ತೆಳುವಾಗಿ ಹರಡಿರುತ್ತವೆ. ದಪ್ಪ ನೋಡಿದರೆ ಬೆರಳಿನಷ್ಟೂ ಇಲ್ಲ. ಟೇಪಿನ ಒಂದು ತುದಿ ಹಿಡಿದ ಟಿಪ್ಪರ್ ಹುಡುಗ ಅದನ್ನು ಆ ಚೆದುರಿದ ಉಸುಕಿನ ಹೊರಗೆ ಹಾಕಿಕೊಂಡು ಬಂದ. ನಾನು ಅತ್ತ ಕಡೆ ನಿಂತು ಅಳತೆ ಓದಿ ಬರೆದುಕೊಂಡೆ.

ಟೇಪು ಸುತ್ತಲೂ ಐದು ಇಂಚು ಹೊರಗೆ ಸರಿದರೆ ಸುತ್ತಳತೆ ಎಷ್ಟು ಹೆಚ್ಚುತ್ತದೆ? ರಾಶಿ ಸಣ್ಣದಿರಲಿ, ಗುಡ್ಡದಂತಿರಲಿ, ಹೆಚ್ಚುವುದು ಐದು ಇಂಚಿನ ಆರೂ ಕಾಲು ಪಟ್ಟು, ಅಂದರೆ 2.6 ಅಡಿ. ನಮ್ಮ 44 ಅಡಿ 46.6 ಆಯಿತು. ಆಮೇಲೆ ಅದಕ್ಕೆ ವರ್ಗ ಮಾಡುತ್ತೇವೆ, ಎತ್ತರ ಅದೇ ನಾಲ್ಕೂವರೆ. ಉತ್ತರ 231ರ ಬದಲು 259. ಇಪ್ಪತ್ತೆಂಟು ಘನ ಅಡಿ ಉಸುಕು ಎಲ್ಲೂ ಇಲ್ಲ, ನನ್ನ ವಹಿಯಲ್ಲಿ ಮಾತ್ರ ಇದೆ. ಸುತ್ತಳತೆಯಲ್ಲಿ ನೂರಕ್ಕೆ ಒಂದು ತಪ್ಪಿದರೆ ಘನಫಲದಲ್ಲಿ ನೂರಕ್ಕೆ ಎರಡು ತಪ್ಪುತ್ತದೆ ಎಂಬುದು ನನಗೆ ತಿಳಿದದ್ದು ಹೀಗೆ.

ಈಗ ಅಳೆಯುವ ಮೊದಲು ಒಬ್ಬ ಹುಡುಗನಿಂದ ಅಂಚನ್ನು ಸಲಿಕೆಯಿಂದ ಒಳಕ್ಕೆ ಎಳೆಸುತ್ತೇನೆ. ಚೆದುರಿದ್ದು ರಾಶಿಗೆ ಸೇರಲಿ, ಮಡಿಕೆ ಸ್ಪಷ್ಟವಾಗಲಿ. ಆಮೇಲೆ ಮಡಿಕೆಗೆ ಒತ್ತಿ, ನೆಲಕ್ಕೆ ತಾಗಿಸಿ ಟೇಪು ಸುತ್ತುತ್ತೇವೆ. ಟೇಪಿನ ತುದಿ ಮಾರುವವನ ಕಡೆಯ ಹುಡುಗ ಹಿಡಿಯಲಿ, ಸುತ್ತುವುದು ನಾನೇ. ಟೇಪು ಅಲ್ಲಲ್ಲಿ ಇಳಿಜಾರು ಹತ್ತಿಕೊಂಡರೆ ಸುತ್ತಳತೆ ಕಡಿಮೆ ಬಂದು ಮಾರುವವನಿಗೆ ಅನ್ಯಾಯವಾಗುತ್ತದೆ, ಅದನ್ನೂ ನೋಡಬೇಕು.

3. ಎತ್ತರವನ್ನು ಓರೆಯಿಂದ ಕಂಡುಹಿಡಿಯುವ ಜಾಣತನ ಬೇಡ

ಪೈಥಾಗೊರಸ್ ಪ್ರಮೇಯ ನನಗೆ ಚೆನ್ನಾಗಿ ನೆನಪಿತ್ತು. ಕೆಟ್ಟದ್ದು ಅಲ್ಲೇ. ರಾಶಿಯ ನೆತ್ತಿಯಿಂದ ಅಂಚಿನವರೆಗೆ ಇಳಿಜಾರಿನ ಮೇಲೆ ಟೇಪು ಬಿಟ್ಟು ಓರೆಯ ಉದ್ದ ತೆಗೆದುಕೊಂಡೆ. ಸುತ್ತಳತೆ 44 ಇದ್ದರೆ ತ್ರಿಜ್ಯ 7 ಅಡಿ. ಓರೆಯ ವರ್ಗದಿಂದ ತ್ರಿಜ್ಯದ ವರ್ಗ ಕಳೆದು ವರ್ಗಮೂಲ ತೆಗೆದರೆ ಎತ್ತರ. ಗೌಂಡಿಗಳ ಮುಂದೆ ಮೊಬೈಲಿನಲ್ಲಿ ಲೆಕ್ಕ ಮಾಡಿ ತೋರಿಸಿ ಬೀಗಿದ್ದೆ.

ನಿಜವಾದ ಓರೆ ಸುಮಾರು 8 ಅಡಿ 4 ಇಂಚು. ನಾನು ಓದಿದ್ದು 8 ಅಡಿ 8 ಇಂಚು, ಯಾಕೆಂದರೆ ಟೇಪು ಕಾಲಿನ ಗುರುತುಗಳಲ್ಲಿ ಇಳಿದು ಹತ್ತಿ ಬಂದಿತ್ತು, ಕೆಳಗಿನ ತುದಿ ಮಡಿಕೆಯಿಂದ ಆಚೆಗಿತ್ತು. ನಾಲ್ಕೇ ಇಂಚಿನ ವ್ಯತ್ಯಾಸ. ಆದರೆ ಎತ್ತರ ನಾಲ್ಕೂವರೆಯ ಬದಲು 5 ಅಡಿ 1 ಇಂಚಿನ ಮೇಲೆ ಬಂತು, ಏಳು ಇಂಚು ಜಾಸ್ತಿ. ಉಸುಕಿನ ರಾಶಿ ಚಪ್ಪಟೆ. ಅದರ ಓರೆಯ ಬಹುಪಾಲು ಅಡ್ಡಕ್ಕೆ ಹೋಗುತ್ತದೆ, ಮೇಲಕ್ಕೆ ಏರುವುದು ಸ್ವಲ್ಪ. ಹಾಗಾಗಿ ಓರೆಯಲ್ಲಾದ ತಪ್ಪು ಎತ್ತರಕ್ಕೆ ಬರುವಾಗ ಹೆಚ್ಚುಕಡಿಮೆ ಎರಡು ಪಟ್ಟಾಗುತ್ತದೆ. ಗುಡ್ಡೆ ಚಪ್ಪಟೆಯಾದಷ್ಟೂ ಇದು ಹೆಚ್ಚು.

ನಮ್ಮ ಹಿರಿಯ ಗೌಂಡಿ ಕಾಕಾ ಇದನ್ನೆಲ್ಲ ನೋಡುತ್ತ ಬೀಡಿ ಸೇದುತ್ತಿದ್ದರು. "ಸಾಹೇಬ್ರ, ಲೆವೆಲ್ ಪೈಪ್ ಐತಲ್ರೀ, ಅದನ್ಯಾಕ ತೊಗೊಳ್ಳಂಗಿಲ್ಲ?" ಎಂದರು. ಗೋಡೆಯ ಮಟ್ಟ ನೋಡಲು ಇಟ್ಟುಕೊಂಡ, ನೀರು ತುಂಬಿದ ಪಾರದರ್ಶಕ ಪೈಪು. ಅದರ ಒಂದು ತುದಿಯ ನೀರಿನ ಮಟ್ಟವನ್ನು ರಾಶಿಯ ನೆತ್ತಿಗೆ ಸರಿಯಾಗಿ ಹಿಡಿಯುವುದು, ಇನ್ನೊಂದು ತುದಿಯನ್ನು ರಾಶಿಯ ಹೊರಗೆ ನೆಟ್ಟ ಬಡಿಗೆಗೆ ಹಿಡಿದು ನೀರು ನಿಂತಲ್ಲಿ ಗುರುತು ಮಾಡುವುದು. ಗುರುತಿನಿಂದ ನೆಲಕ್ಕೆ ಟೇಪು ಬಿಟ್ಟರೆ ಎತ್ತರ. ನೆಲ ಒಂದು ಕಡೆ ತಗ್ಗಿದ್ದರೆ ನಾಲ್ಕು ಕಡೆ ಬಡಿಗೆ ನೆಟ್ಟು ಸರಾಸರಿ ತೆಗೆದುಕೊಳ್ಳುತ್ತೇವೆ. ನೆತ್ತಿ ಮುಟ್ಟಲು ರಾಶಿ ಹತ್ತಬೇಡಿ. ಹತ್ತಿದರೆ ನೆತ್ತಿ ಕುಸಿಯುತ್ತದೆ, ಆಮೇಲೆ ಎಷ್ಟಿತ್ತು ಎಂದು ಯಾರೂ ಹೇಳಲಾರರು. ಉದ್ದನೆಯ ಬಡಿಗೆಗೆ ಪೈಪು ಕಟ್ಟಿ ಹೊರಗಿನಿಂದಲೇ ಚಾಚುತ್ತೇವೆ.

ಇನ್ನೊಂದು ದಾರಿ, ನೆತ್ತಿಯಿಂದ ನೆಟ್ಟಗೆ ಒಂದು ತೆಳು ಕಬ್ಬಿಣದ ಸರಳು ಇಳಿಸುವುದು. ಇದರಿಂದ ಎತ್ತರ ಸಿಗುವುದಲ್ಲದೆ ರಾಶಿಯ ಕೆಳಗೆ ಏನಿದೆ ಎಂದೂ ಗೊತ್ತಾಗುತ್ತದೆ. ಒಮ್ಮೆ ಹೊರಗಿನ ಎತ್ತರ ನಾಲ್ಕೂವರೆ ಅಡಿ, ಸರಳು ಇಳಿದದ್ದು ಮೂರೂವರೆಗಿಂತ ಕಡಿಮೆ. ತುದಿಗೆ ಕರಿಮಣ್ಣು ಮೆತ್ತಿಕೊಂಡು ಬಂತು. ಹಳೆಯ ಮಣ್ಣಿನ ದಿಬ್ಬದ ಮೇಲೆ ಉಸುಕು ಸುರಿದಿದ್ದರು. ಬೇಕೆಂದೇ ಮಾಡಿದರೋ, ಜಾಗ ಖಾಲಿ ಇತ್ತೆಂದು ಸುರಿದರೋ, ನಾನು ಕೇಳಲಿಲ್ಲ. ದಿಬ್ಬ ನಮ್ಮ ಸೈಟಿನದೇ ಆಗಿತ್ತು.

4. ಭಾಸ್ಕರಾಚಾರ್ಯನನ್ನು ನಂಬಿ, ಆದರೆ 36ನ್ನು ತಿದ್ದಿಕೊಳ್ಳಿ

ಸೂತ್ರದ ಬಗ್ಗೆ ತಲೆ ಕೆಡಿಸಿಕೊಂಡಿದ್ದಾಗ ಊರಿನ ಮೇಷ್ಟರೊಬ್ಬರು ಫೋನಿನಲ್ಲಿ, "ಲೀಲಾವತಿಯೊಳಗ ರಾಶಿ ವ್ಯವಹಾರ ಅಂತ ಒಂದು ಭಾಗನ ಐತಿ, ಓದಪಾ" ಎಂದರು. 1150ರಲ್ಲಿ ಬರೆದ ಪುಸ್ತಕ. ಭಾಸ್ಕರಾಚಾರ್ಯ ನಮ್ಮವನೆಂದು ವಿಜಯಪುರದವರೂ, ತಮ್ಮವನೆಂದು ಖಾನದೇಶದವರೂ ಹೇಳುತ್ತಾರೆ. ಆ ಜಗಳ ನನಗೆ ಬೇಡ, ನನಗೆ ಬೇಕಾದದ್ದು ಅವನ ಕಾಳಿನ ಲೆಕ್ಕ.

ಅವನು ಹೇಳುವುದು ಇಷ್ಟು: ಸುತ್ತಳತೆಯನ್ನು ಆರರಿಂದ ಭಾಗಿಸು, ಬಂದದ್ದರ ವರ್ಗ ಮಾಡು, ಎತ್ತರದಿಂದ ಗುಣಿಸು. ಸಮನೆಲದ ಮೇಲೆ 60 ಮೊಳ ಸುತ್ತಳತೆಯ ದಪ್ಪ ಕಾಳಿನ ರಾಶಿಯನ್ನೇ ಅವನು ಉದಾಹರಣೆಗೆ ತೆಗೆದುಕೊಳ್ಳುತ್ತಾನೆ. ಅರವತ್ತರ ಆರನೆಯ ಒಂದು ಭಾಗ 10, ವರ್ಗ 100, ಎತ್ತರ 6 ಮೊಳ, ಒಟ್ಟು 600 ಘನ ಮೊಳ. ಮಗಧದ ಅಳತೆಯಲ್ಲಿ ಒಂದು ಘನ ಮೊಳಕ್ಕೆ ಒಂದು ಖಾರಿ, ಆದ್ದರಿಂದ 600 ಖಾರಿ. ಭಿನ್ನರಾಶಿಯೂ ಇಲ್ಲ, ಪೈಯೂ ಇಲ್ಲ. ಕಣದಲ್ಲಿ ನಿಂತು ಬೆರಳ ಮೇಲೆ ಮಾಡಬಹುದು.

ನಾನು ಹಿಗ್ಗಿಹೋಗಿ ಒಂದಷ್ಟು ದಿನ ಎಲ್ಲ ರಾಶಿಗೂ ಇದನ್ನೇ ಹಚ್ಚಿದೆ. ಆರರ ವರ್ಗ 36, ಅಂದರೆ 37.7ರ ಜಾಗದಲ್ಲಿ 36ರಿಂದ ಭಾಗಿಸಿದ ಹಾಗೆ. ಪೈಯನ್ನು 3 ಎಂದು ಹಿಡಿದರೆ ಬರುವುದು ಇದೇ. ನಮ್ಮ 231 ಘನ ಅಡಿಯ ರಾಶಿ ಇದರಲ್ಲಿ 242 ಆಗುತ್ತದೆ. ನೂರಕ್ಕೆ ಸುಮಾರು ಐದು ಜಾಸ್ತಿ, ಯಾವಾಗಲೂ ಜಾಸ್ತಿ, ಯಾವಾಗಲೂ ಮಾರುವವನ ಕಡೆಗೆ. ಭಾಸ್ಕರನಿಗೆ ಪೈ ಗೊತ್ತಿರಲಿಲ್ಲ ಅಂತಲ್ಲ. ಅದೇ ಲೀಲಾವತಿಯಲ್ಲಿ ವೃತ್ತದ ಲೆಕ್ಕಕ್ಕೆ ಒರಟಾಗಿ 22/7, ಸೂಕ್ಷ್ಮವಾಗಿ 3927/1250 ಕೊಟ್ಟಿದ್ದಾನೆ. ಕಾಳಿನ ರಾಶಿಗೆ ಅಷ್ಟು ಸೂಕ್ಷ್ಮ ಬೇಡ ಎಂದು ಬಿಟ್ಟಿರಬೇಕು ಎಂದು ನನ್ನ ಊಹೆ. ಬಿಲ್ಲಿಗೆ ಬೇಕು. ಈಗ ಬಾಯಲ್ಲಿ 36ರಿಂದ ಲೆಕ್ಕ ಹಾಕಿ, ಬಂದ ಉತ್ತರದಿಂದ ಇಪ್ಪತ್ತೆರಡನೆಯ ಒಂದು ಭಾಗ ಕಳೆಯುತ್ತೇನೆ. 242ರಲ್ಲಿ 11 ಕಳೆದರೆ 231.

5. ಎತ್ತರ ಸುತ್ತಳತೆಯ ಹತ್ತನೆಯ ಒಂದಕ್ಕಿಂತ ಬಹಳ ಹೆಚ್ಚಿದ್ದರೆ ಉಸುಕು ಹಸಿಯಾಗಿದೆ

ಲೀಲಾವತಿಯ ಆ ಭಾಗದಲ್ಲಿ ನನಗೆ ನಿಜವಾಗಿ ಉಪಯೋಗಕ್ಕೆ ಬಂದದ್ದು ಇನ್ನೊಂದು ಮಾತು. ದಪ್ಪ ಕಾಳಿನ ರಾಶಿಯ ಎತ್ತರ ಸುತ್ತಳತೆಯ ಹತ್ತನೆಯ ಒಂದು ಭಾಗ, ಸಣ್ಣ ಕಾಳಿನದು ಹನ್ನೊಂದನೆಯ ಒಂದು, ಮೀಸೆಯಿರುವ ಧಾನ್ಯದ್ದು ಒಂಬತ್ತನೆಯ ಒಂದು ಎನ್ನುತ್ತಾನೆ. ಯಾವ ವಸ್ತುವನ್ನಾದರೂ ಮೇಲಿನಿಂದ ಸುರಿದರೆ ಅದು ತನಗೆ ಒಗ್ಗುವ ಒಂದು ಓರೆಯಲ್ಲಿ ನಿಲ್ಲುತ್ತದೆ. ಅದಕ್ಕಿಂತ ಕಡಿದಾದರೆ ಜಾರುತ್ತದೆ. ಹತ್ತನೆಯ ಒಂದು ಎಂದರೆ ಸುಮಾರು 32 ಡಿಗ್ರಿ, ಹನ್ನೊಂದನೆಯ ಒಂದು 30, ಒಂಬತ್ತನೆಯ ಒಂದು 35. ಮೀಸೆಗಳು ಒಂದಕ್ಕೊಂದು ಸಿಕ್ಕಿಕೊಳ್ಳುವುದರಿಂದ ಆ ರಾಶಿ ಕಡಿದಾಗಿ ನಿಲ್ಲುತ್ತದೆ, ನುಣುಪು ಕಾಳು ಹರಡಿಕೊಳ್ಳುತ್ತದೆ.

ಒಣಗಿದ ಹೊಳೆಯ ಉಸುಕು ನಿಲ್ಲುವುದು 32ರಿಂದ 34 ಡಿಗ್ರಿಯ ಆಸುಪಾಸಿನಲ್ಲಿ, ಅಂದರೆ ಸುತ್ತಳತೆಯ ಹತ್ತನೆಯ ಒಂದು ಅಥವಾ ಅದಕ್ಕಿಂತ ತುಸು ಹೆಚ್ಚು. 44 ಅಡಿಗೆ ನಾಲ್ಕೂವರೆ ಸರಿಯಾಗಿ ಕೂರುತ್ತದೆ. ಈಗ ನಾನು ಅಳೆದ ಎರಡು ಅಂಕಿಗಳನ್ನು ಮೊದಲು ಹೀಗೆ ಒಂದರ ಪಕ್ಕ ಒಂದಿಟ್ಟು ನೋಡುತ್ತೇನೆ. ಅನುಪಾತ ಸರಿ ಬಂದರೆ ಮುಂದಿನ ಲೆಕ್ಕ. ಸರಿ ಬರದಿದ್ದರೆ ಟೇಪು ತಪ್ಪಿದೆ, ಇಲ್ಲವೇ ರಾಶಿಯಲ್ಲಿ ಏನೋ ಇದೆ.

ಈ ತಾಳೆ ನೋಡುವ ಅಭ್ಯಾಸ ಬರುವ ಮೊದಲು ನಡೆದದ್ದು ಹೇಳುತ್ತೇನೆ. ಬೆಳಗಿನ ಜಾವ ಹೊಳೆಯಿಂದ ನೇರವಾಗಿ ಬಂದ ಉಸುಕು, ಮುಟ್ಟಿದರೆ ತಣ್ಣಗೆ, ಮುಷ್ಟಿ ಮಾಡಿದರೆ ಉಂಡೆಯಾಗಿ ನಿಲ್ಲುತ್ತಿತ್ತು. ಸುತ್ತಳತೆ 44, ಎತ್ತರ ಐದೂವರೆ. ರಾಶಿ ಚೂಪಾಗಿ ಚೆನ್ನಾಗಿ ಕಾಣುತ್ತಿತ್ತು. 282 ಘನ ಅಡಿ ಎಂದು ಬರೆದು ಸಹಿ ಹಾಕಿದೆ. ಎತ್ತರ ಸುತ್ತಳತೆಯ ಎಂಟನೆಯ ಒಂದು ಭಾಗವಾಗಿದೆ, 38 ಡಿಗ್ರಿ ಓರೆ, ಒಣ ಉಸುಕು ಹಾಗೆ ನಿಲ್ಲಲಾರದು ಎಂಬುದು ಹೊಳೆಯಲೇ ಇಲ್ಲ. ಒಂದು ವಾರ ಬಿಸಿಲು ಬಿದ್ದ ಮೇಲೆ ರಾಶಿ ತಾನಾಗಿ ಕುಗ್ಗಿ ಕೂತಿತು. ರಾತ್ರಿ ಯಾರೋ ಕದ್ದಿದ್ದಾರೆಂದು ವಾಚ್‌ಮನ್‌ನನ್ನು ಬೈದೆ. ಆ ಬೈಗುಳವನ್ನು ಈಗ ನೆನೆದರೆ ನಾಚಿಕೆಯಾಗುತ್ತದೆ.

ಕದ್ದದ್ದು ನೀರು. ಉಸುಕಿಗೆ ನೂರಕ್ಕೆ ನಾಲ್ಕೈದು ಪಾಲು ತೇವ ಇದ್ದಾಗ ಪ್ರತಿ ಕಣದ ಸುತ್ತ ನೀರಿನ ತೆಳು ಪದರ ಕೂತು ಕಣಗಳನ್ನು ದೂರ ಹಿಡಿಯುತ್ತದೆ. ಉಸುಕು ಉಬ್ಬುತ್ತದೆ, ನುಣ್ಣಗಿನದಾದರೆ ಕಾಲು ಭಾಗದಷ್ಟು ಅಥವಾ ಅದಕ್ಕೂ ಹೆಚ್ಚು. ವಿಚಿತ್ರವೆಂದರೆ ಪೂರ್ತಿ ನೀರಲ್ಲಿ ಮುಳುಗಿಸಿದರೆ ಉಬ್ಬು ಇಳಿದು ಮತ್ತೆ ಒಣ ಉಸುಕಿನ ಗಾತ್ರಕ್ಕೇ ಬರುತ್ತದೆ. ಪರೀಕ್ಷೆ ಮಾಡುವುದೂ ಈ ಗುಣದಿಂದಲೇ. ನೇರ ಬದಿಯ ಗಾಜಿನ ಡಬ್ಬಿಯಲ್ಲಿ ಎಂಟು ಇಂಚು ಹಸಿ ಉಸುಕು ಒತ್ತದೆ ತುಂಬಿ. ಅದನ್ನು ಬೇರೆ ಪಾತ್ರೆಗೆ ಸುರಿದು, ಡಬ್ಬಿಗೆ ಅರ್ಧ ನೀರು ಹಾಕಿ, ಉಸುಕನ್ನು ಮತ್ತೆ ಅದರೊಳಗೆ ನಿಧಾನ ಬಿಟ್ಟು ಕಡ್ಡಿಯಿಂದ ಕಲಕಿ, ಕೂರಲು ಬಿಡಿ. ನನ್ನ ಉಸುಕು ಆರೂವರೆ ಇಂಚಿಗೆ ಇಳಿಯಿತು. ಎಂಟನ್ನು ಆರೂವರೆಯಿಂದ ಭಾಗಿಸಿದರೆ 1.23, ಅಂದರೆ ನೂರಕ್ಕೆ 23 ಉಬ್ಬು. 282ನ್ನು 1.23ರಿಂದ ಭಾಗಿಸಿದರೆ 229 ಘನ ಅಡಿ. ಎರಡೂ ಮುಕ್ಕಾಲು ಬ್ರಾಸಿಗೆ ಮೇಲ್ಪಟ್ಟು ದುಡ್ಡು ಕೊಟ್ಟು, ಸುಮಾರು ಎರಡೂಕಾಲು ಬ್ರಾಸ್ ಉಸುಕು ತೆಗೆದುಕೊಂಡಿದ್ದೆ. ಇಲ್ಲಿ ಮಾರಿದವನ ತಪ್ಪೇನೂ ಇರಲಿಲ್ಲ. ಹೊಳೆಯಿಂದ ಬಂದ ಉಸುಕು ಹಸಿಯಾಗೇ ಇರುತ್ತದೆ.

6. ಸುತ್ತಳತೆಗೆ ರಾಶಿಯ ನೆತ್ತಿ ಹೇಗಿದೆ ಎಂದು ಗೊತ್ತಿರುವುದಿಲ್ಲ

ಟಿಪ್ಪರ್ ಡ್ರೈವರ್ ಡಾಲಾ ಎತ್ತಿ ನಿಂತಲ್ಲೇ ಸುರಿದರೆ ರಾಶಿ ಸ್ವಲ್ಪ ಗುಂಡಗೆ ಬೀಳುತ್ತದೆ. ಸುರಿಯುತ್ತ ಗಾಡಿ ಮುಂದೆ ಬಿಟ್ಟರೆ ಉದ್ದ ದಿಂಡು ಬೀಳುತ್ತದೆ, ಮೇಲೆ ಚೂಪು ನೆತ್ತಿಯ ಬದಲು ಒಂದು ಏಣು. ನಾನು ದಿಂಡಿಗೂ ಸುತ್ತಲೂ ಟೇಪು ಹಾಕಿ ಅದೇ ಸೂತ್ರ ಹಚ್ಚಿದೆ. ಆ ಸಲ ನಷ್ಟ ನನಗಲ್ಲ, ಟಿಪ್ಪರಿನವನಿಗೆ.

ಉದ್ದ 20 ಅಡಿ, ಅಗಲ 10 ಅಡಿ, ಏಣಿನ ಎತ್ತರ 3.2 ಅಡಿ ಇರುವ ದಿಂಡು ಎನ್ನಿ, ಎರಡು ತುದಿಯೂ ಅರ್ಧವೃತ್ತದ ಹಾಗೆ ದುಂಡಗಿದೆ. ಸುತ್ತಳತೆ 51.4 ಅಡಿ ಬರುತ್ತದೆ. ಶಂಕುವಿನ ಸೂತ್ರ ಕೊಡುವುದು 224 ಘನ ಅಡಿ. ಸರಿಯಾದ ದಾರಿ ಅದನ್ನು ಮನಸ್ಸಿನಲ್ಲೇ ಮೂರು ತುಂಡು ಮಾಡುವುದು. ಎರಡು ತುದಿಗಳನ್ನು ಕೂಡಿಸಿದರೆ 10 ಅಡಿ ವ್ಯಾಸದ ಒಂದು ಪೂರ್ಣ ಶಂಕು, 84 ಘನ ಅಡಿ. ನಡುವಿನ 10 ಅಡಿ ಉದ್ದದ ಭಾಗ ಹೊದಿಕೆ ಮನೆಯ ಮಾಡಿನ ಆಕಾರ: ಅಗಲ ಗುಣಿಸು ಎತ್ತರ, ಅದರರ್ಧ, ಗುಣಿಸು ಉದ್ದ, 160 ಘನ ಅಡಿ. ಒಟ್ಟು 244. ಸೂತ್ರ ಇಪ್ಪತ್ತು ಘನ ಅಡಿ ನುಂಗಿಬಿಟ್ಟಿತ್ತು.

ತಮಾಷೆಯೆಂದರೆ ಇದರ ಉಲ್ಟಾ ಕೂಡ ಆಗುತ್ತದೆ. ಪಾದ ಮೊಟ್ಟೆಯ ಆಕಾರದಲ್ಲಿದ್ದು ಮೇಲೆ ಮಾತ್ರ ಒಂದೇ ಚೂಪು ನೆತ್ತಿಯಿದ್ದರೆ ಸೂತ್ರ ಹೆಚ್ಚು ಕೊಡುತ್ತದೆ. ಒಂದೇ ಸುತ್ತಳತೆಗೆ ಅತಿ ಹೆಚ್ಚು ಜಾಗ ಸುತ್ತುವುದು ವೃತ್ತ. ಅದನ್ನು ಹಿಸುಕಿದಷ್ಟೂ ವಿಸ್ತೀರ್ಣ ಕಡಿಮೆಯಾಗುತ್ತದೆ, ಸುತ್ತಳತೆ ಅಷ್ಟೇ ಇರುತ್ತದೆ. ಹಾಗಾಗಿ ನಾನೀಗ ಉದ್ದ ಅಗಲ ಎರಡೂ ನೋಡುತ್ತೇನೆ. ಒಂದು ಇನ್ನೊಂದಕ್ಕಿಂತ ಒಂದು ಹೆಜ್ಜೆಗೂ ಹೆಚ್ಚು ದೊಡ್ಡದಿದ್ದರೆ ಸುತ್ತಳತೆ ಅಳೆಯಲು ಹೋಗುವುದಿಲ್ಲ. ಇಬ್ಬರು ಹುಡುಗರಿಗೆ ಸಲಿಕೆ ಕೊಟ್ಟು ಅದನ್ನು ಗುಂಡಗೆ ಮಾಡಿಸುತ್ತೇನೆ, ಇಲ್ಲವೇ ತುಂಡು ಮಾಡಿ ಲೆಕ್ಕ ಹಾಕುತ್ತೇನೆ.

7. ಗೋಡೆಗೆ ಒರಗಿದ ರಾಶಿಯಲ್ಲಿ ಗೋಡೆಯನ್ನು ಅಳೆಯಬೇಡಿ

ಜಾಗ ಇಲ್ಲದಿದ್ದಾಗ ಉಸುಕನ್ನು ಕಾಂಪೌಂಡಿಗೆ ಒತ್ತಿ ಸುರಿಸುತ್ತಾರೆ. ಅದು ಅರ್ಧ ಶಂಕು. ಬಾಗಿದ ಅಂಚು ಮಾತ್ರ ಅಳೆಯಬೇಕು. ಅದು 22 ಅಡಿ ಇದ್ದರೆ ಎರಡರಿಂದ ಗುಣಿಸಿ 44 ಮಾಡಿ, ಪೂರ್ಣ ರಾಶಿಯ ಲೆಕ್ಕ ಹಾಕಿ, ಬಂದ 231ನ್ನು ಅರ್ಧ ಮಾಡಿದರೆ 115 ಘನ ಅಡಿ ಮತ್ತೆ ಸ್ವಲ್ಪ. ನಾನು ಗೋಡೆಗುಂಟ ಇದ್ದ 14 ಅಡಿಯನ್ನೂ ಸೇರಿಸಿ 36 ಎಂದು ಹಿಡಿದು 155 ಬರೆದೆ. ಭಾಸ್ಕರ ಇದನ್ನೂ ಹೇಳಿಟ್ಟಿದ್ದಾನೆ: ಗೋಡೆಗೆ ಒರಗಿದ್ದರೆ ಎರಡರಿಂದ, ಒಳಮೂಲೆಯಲ್ಲಿದ್ದರೆ ನಾಲ್ಕರಿಂದ, ಹೊರಮೂಲೆಗೆ ಸುತ್ತಿಕೊಂಡಿದ್ದರೆ 4/3ರಿಂದ ಸುತ್ತಳತೆಯನ್ನು ಗುಣಿಸು, ಉತ್ತರವನ್ನು ಅದೇ ಅಂಕಿಯಿಂದ ಭಾಗಿಸು. ಅವನ ಮೂರು ಉದಾಹರಣೆಗಳು 30, 15 ಮತ್ತು 45 ಮೊಳ. ಮೂರೂ ತಿರುಗಿ 60ಕ್ಕೇ ಬರುತ್ತವೆ.

8. ಉಸುಕಿನ ಅನುಪಾತವನ್ನು ಗೋಧಿಗೆ ಹಚ್ಚಬೇಡಿ

ನಾನು ರಾಶಿ ಅಳೆಯುತ್ತೇನೆ ಎಂಬ ಸುದ್ದಿ ಹಬ್ಬಿ, ಗೋಧಿ ಒಕ್ಕಣೆಯ ಕಾಲದಲ್ಲಿ ಪಕ್ಕದ ಹೊಲದ ರೈತರೊಬ್ಬರು ಕರೆದರು. "ಭಾವೂ, ಎಷ್ಟು ಬಾರದಾನಾ ತರಬೇಕು ಹೇಳಿಬಿಡಿ" ಎಂದರು. ಬಾರದಾನಾ ಎಂದರೆ ಗೋಣಿ ಚೀಲ. ಟಾರ್ಪಾಲಿನ ಮೇಲೆ ಥ್ರೆಷರಿನಿಂದ ಬಿದ್ದ ಗೋಧಿಯ ರಾಶಿ ಅಚ್ಚುಕಟ್ಟಾಗಿ ಗುಂಡಗಿತ್ತು. ಸುತ್ತಳತೆ 33 ಅಡಿ. ಎತ್ತರ ಅಳೆಯುವ ಗೋಜಿಗೇ ಹೋಗದೆ ಹತ್ತನೆಯ ಒಂದು ಎಂದು 3.3 ಅಡಿ ಹಿಡಿದೆ. 95 ಘನ ಅಡಿ. ಒಂದು ಘನ ಅಡಿ ಒಣ ಗೋಧಿ ಹೆಚ್ಚುಕಡಿಮೆ 21.8 ಕಿಲೋ ತೂಗುತ್ತದೆ. 20 ಕ್ವಿಂಟಲ್ ಮೇಲೆ ಎಂದೆ, ಐವತ್ತು ಕಿಲೋದ 42 ಚೀಲ ತನ್ನಿ ಎಂದೆ.

ಚೀಲ ತುಂಬಿದ್ದು 35. ಏಳು ಖಾಲಿ ಚೀಲಗಳನ್ನು ಅವರು ನನ್ನ ಮುಂದೆಯೇ ಮಡಚಿಟ್ಟರು. ಬೆಳೆಯೇ ಕಡಿಮೆ ಬಂತೇನೋ ಎಂದು ಅವರ ಮನೆಯವರು ಒಂದು ಗಳಿಗೆ ಗಾಬರಿಯಾದದ್ದು ನನಗೆ ಹೆಚ್ಚು ನೋಯಿಸಿತು.

ಹೊಟ್ಟು ಹೋದ ಶುದ್ಧ ಗೋಧಿ ಜಾರುವ ಕಾಳು, 27-28 ಡಿಗ್ರಿಯಲ್ಲೇ ಹರಡಿಕೊಳ್ಳುತ್ತದೆ. ಅದಕ್ಕೆ ಹನ್ನೆರಡನೆಯ ಒಂದು ಭಾಗ ಸರಿ, 33 ಅಡಿಗೆ 2 ಅಡಿ 9 ಇಂಚು. ಈಗ ಲೆಕ್ಕ ಹಾಕಿದರೆ 79 ಘನ ಅಡಿ, 17 ಕ್ವಿಂಟಲಿಗೆ ತುಸು ಮೇಲೆ, 35 ಚೀಲ. ಹೊಟ್ಟು ಉಳಿದಿದ್ದರೆ ಇಲ್ಲವೇ ಕಾಳು ಹಸಿಯಿದ್ದರೆ ರಾಶಿ ಎತ್ತರಕ್ಕೆ ನಿಲ್ಲುತ್ತದೆ, ಆದರೆ ಘನ ಅಡಿಯ ತೂಕವೂ ಬದಲಾಗುತ್ತದೆ. ಎತ್ತರವನ್ನು ಸುತ್ತಳತೆಯಿಂದ ಊಹಿಸುವುದು ತಾಳೆ ನೋಡಲಿಕ್ಕೆ. ಎತ್ತರ ಅಳೆಯಲು ಸಾಧ್ಯವಿರುವಾಗ ಊಹೆ ಮಾಡಿದ್ದು ಸೋಮಾರಿತನ. ಮಾರುಕಟ್ಟೆಯ ವ್ಯವಹಾರಕ್ಕೆ ಕಾಟಾದ ತೂಕವೇ ಲೆಕ್ಕ. ರಾಶಿಯ ಅಳತೆಯಿಂದ ಚೀಲ ತರಿಸಬಹುದು, ಗಾಡಿ ಕರೆಸಬಹುದು, ಅಷ್ಟೇ.

9. ರಾಶಿಯಾಗುವ ಮುಂಚೆಯೇ ಅಳೆಯಿರಿ

ಇದನ್ನು ಮೊದಲೇ ಹೇಳಬೇಕಿತ್ತು, ಆದರೆ ನಾನು ಕಲಿತದ್ದು ಕೊನೆಗೆ. ಉಸುಕು ಟ್ರಾಲಿಯಲ್ಲಿರುವಾಗ ಅದು ಪೆಟ್ಟಿಗೆ. ಒಳಗಿನ ಉದ್ದ, ಅಗಲ ಅಳೆದು, ಮೇಲ್ಭಾಗ ಸಮ ಮಾಡಿಸಿ, ನಾಲ್ಕಾರು ಕಡೆ ಸರಳು ಇಳಿಸಿ ಆಳ ನೋಡಿದರೆ ಮುಗಿಯಿತು. ಪೈಯೂ ಬೇಡ, ಲೆವೆಲ್ ಪೈಪೂ ಬೇಡ. ಉಬ್ಬಿನ ಪರೀಕ್ಷೆ ಮಾತ್ರ ಇಲ್ಲೂ ಬೇಕು, ನೀರು ಟ್ರಾಲಿಯಲ್ಲೂ ಇರುತ್ತದೆ.

ಹಾಗಾದರೆ ಶಂಕುವಿನ ಲೆಕ್ಕ ಯಾಕೆ? ಗಾಡಿ ಹೋದ ಮೇಲೆ ಉಳಿದದ್ದು ರಾಶಿಯೊಂದೇ ಆಗಿರುವ ಸಂದರ್ಭಗಳು ಬಹಳ. ರಾತ್ರಿ ಸುರಿದು ಹೋದ ಉಸುಕು, ಅರ್ಧ ಬಳಸಿದ ಮೇಲೆ ಎಷ್ಟು ಉಳಿದಿದೆ ಎಂಬ ಪ್ರಶ್ನೆ, ಪರವಾನಗಿ ಇಲ್ಲದ ಉಸುಕಿನ ರಾಶಿ ಸಿಕ್ಕಾಗ ತಲಾಠಿ ಮಾಡುವ ಪಂಚನಾಮೆ. ಪಂಚನಾಮೆಯಲ್ಲಿ ಬರೆದ ಬ್ರಾಸಿನ ಮೇಲೇ ದಂಡ ಬೀಳುವುದರಿಂದ ಐದು ಇಂಚು ಹೊರಗೆ ಮಲಗಿದ ಟೇಪಿಗೂ ಅಲ್ಲಿ ಬೆಲೆಯಿದೆ.

ಆದ್ದರಿಂದ ವಹಿಯಲ್ಲಿ ಬ್ರಾಸಿನ ಅಂಕಿಯೊಂದನ್ನೇ ಬರೆದು ಬಿಡಬೇಡಿ. ಸುತ್ತಳತೆ, ಎತ್ತರ, ಎತ್ತರ ಅಳೆದ ರೀತಿ, ಡಬ್ಬಿಯ ಪರೀಕ್ಷೆಯಲ್ಲಿ ಉಸುಕು ಎಷ್ಟಕ್ಕೆ ಇಳಿಯಿತು ಎಂಬುದು, ಇವನ್ನೂ ಪಕ್ಕದಲ್ಲೇ ಬರೆಯಿರಿ. ಟೇಪು ಹಿಡಿದ ಇಬ್ಬರ ಸಹಿಯೂ ಇರಲಿ. ರಾಶಿ ಖರ್ಚಾದ ಮೇಲೆ ಜಗಳ ಬಂದರೆ ತಿರುಗಿ ಲೆಕ್ಕ ಮಾಡಲು ಉಳಿಯುವುದು ಆ ಅಳತೆಗಳು ಮಾತ್ರ.